ಮಗುವಿನ ಉಬ್ಬಸ: ಹಸಿರು, ಹಳದಿ, ಕೆಂಪು ಚೀಟಿ

ಸಿರುಮುಗೈ: ಉಬ್ಬಸವಿರುವ ಮಗುವನ್ನು ಶಾಲೆಗೆ ಕಳಿಸಬೇಕೋ ಬೇಡವೋ ಎಂಬ ಪ್ರಶ್ನೆ ಬೆಳಗಿನ ಹೊತ್ತು ಎಷ್ಟೋ ಮನೆಗಳಲ್ಲಿ ಏಳುತ್ತದೆ. ಇದಕ್ಕೆ ಪೀಕ್ ಫ್ಲೋ ಮೀಟರ್ ನೆರವಾಗುತ್ತದೆ. ಜೋರಾಗಿ ಊದಿದಾಗ ಉಸಿರು ಎಷ್ಟು ವೇಗದಲ್ಲಿ ಹೊರಬರುತ್ತದೆ ಎಂಬುದನ್ನು ಈ ಪ್ಲಾಸ್ಟಿಕ್ ಕೊಳವೆ ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುತ್ತದೆ. ಐದಾರು ವರ್ಷ ದಾಟಿದ ಮಕ್ಕಳು ಇದನ್ನು ಕಲಿಯಬಲ್ಲರು.

ಮೊದಲು ಮಗುವಿನ 'ಅತ್ಯುತ್ತಮ ಅಂಕ' ಗೊತ್ತಾಗಬೇಕು. ಮಗು ಚೆನ್ನಾಗಿರುವಾಗ ಎರಡು ವಾರ ಬೆಳಿಗ್ಗೆ, ಸಂಜೆ ಊದಿಸಿ. ಪ್ರತಿ ಸಲ ಮುಳ್ಳನ್ನು ಸೊನ್ನೆಗೆ ತಂದು, ನಿಲ್ಲಿಸಿ, ಮೂರು ಬಾರಿ ಊದಿಸಿ, ಹೆಚ್ಚಿನದನ್ನು ಬರೆದುಕೊಳ್ಳಿ. ತುಟಿಯ ಬದಿಯಿಂದ ಗಾಳಿ ಸೋರಿದರೆ ಅಂಕ ಸುಳ್ಳೇ ಇಳಿಯುತ್ತದೆ. ನಾಲಿಗೆ ಅಡ್ಡ ಬಂದರೆ ಅಥವಾ ನಡುವೆ ಕೆಮ್ಮಿದರೆ ಆ ಊದು ಲೆಕ್ಕಕ್ಕಿಲ್ಲ.

ಐದನೇ ತರಗತಿಯ ಒಬ್ಬ ಹುಡುಗಿಯ ಅತ್ಯುತ್ತಮ ಅಂಕ 250 ಎಂದುಕೊಳ್ಳೋಣ. ಅದರ ಶೇ. 80, ಅಂದರೆ 200 ಮತ್ತು ಅದಕ್ಕಿಂತ ಮೇಲೆ ಹಸಿರು. 125ರಿಂದ 200ರ ಒಳಗೆ ಹಳದಿ. 125ಕ್ಕಿಂತ ಕೆಳಗೆ ಕೆಂಪು.

ಹಸಿರಿನಲ್ಲಿ ಶಾಲೆ, ಆಟ ಎಲ್ಲವೂ ಎಂದಿನಂತೆ. ಆದರೆ ವೈದ್ಯರು ಕೊಟ್ಟ ದಿನನಿತ್ಯದ ತಡೆ ಇನ್‌ಹೇಲರ್ ನಿಲ್ಲಿಸಬಾರದು. ಅಂಕ ಚೆನ್ನಾಗಿರುವುದೇ ಅದರಿಂದ.

ಒಂದು ಬೆಳಿಗ್ಗೆ ಅಂಕ 170 ಬಂತು, ರಾತ್ರಿ ಕೆಮ್ಮೂ ಇತ್ತು. ಇದು ಹಳದಿ. ಚೀಟಿಯಲ್ಲಿ ಬರೆದಷ್ಟು, ಸಾಮಾನ್ಯವಾಗಿ 2ರಿಂದ 4 ಪಫ್, ಸಾಲ್ಬುಟಮಾಲನ್ನು ಸ್ಪೇಸರ್ ಮೂಲಕ ಒಂದೊಂದಾಗಿ ಕೊಟ್ಟು 20 ನಿಮಿಷ ಬಿಟ್ಟು ಮತ್ತೆ ಊದಿಸಿ. 215ಕ್ಕೆ ಏರಿದರೆ ಶಾಲೆಗೆ ಹೋಗಬಹುದು. ಟೀಚರಿಗೆ ಹೇಳಿ, ಸಂಜೆ ಮತ್ತೆ ಅಳೆಯಿರಿ. ಒಂದು ಗಂಟೆಯಾದರೂ ಹಸಿರಿಗೆ ಬಾರದಿದ್ದರೆ, ಇಲ್ಲವೇ ಸ್ವಲ್ಪ ಹೊತ್ತಿಗೇ ಮತ್ತೆ ಇಳಿದರೆ, ಅಂದೇ ವೈದ್ಯರನ್ನು ಕಾಣಿ.

ಕೆಂಪು ಬಂದರೆ ಕಾಯಬೇಡಿ. ಮಗುವನ್ನು ನೆಟ್ಟಗೆ ಕೂರಿಸಿ, ಚೀಟಿಯಲ್ಲಿರುವಂತೆ ಪಫ್ ಕೊಡುತ್ತಲೇ 108ಕ್ಕೆ ಕರೆ ಮಾಡಿ. ದಾರಿಯಲ್ಲೂ 20 ನಿಮಿಷಕ್ಕೊಮ್ಮೆ ಕೊಡಬಹುದು.

ಮೀಟರನ್ನೇ ನಂಬಿ ಕೂರುವಂತಿಲ್ಲ. ಒಂದು ಮಾತು ಪೂರ್ತಿ ಆಡಲಾಗದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಎಳೆದರೆ, ತುಟಿ ನೀಲಿಯಾದರೆ ಅಂಕ ಎಷ್ಟೇ ಇರಲಿ, ಅದು ಕೆಂಪೇ. ಆಗ ಊದಿಸುತ್ತಾ ಹೊತ್ತು ಕಳೆಯಬೇಡಿ.

ಮಗು ಬೆಳೆದಂತೆ ಅತ್ಯುತ್ತಮ ಅಂಕವೂ ಏರುತ್ತದೆ. ಹಳೆಯ 250ನ್ನೇ ಇಟ್ಟುಕೊಂಡರೆ ಹಳದಿಯೂ ಹಸಿರಾಗಿ ಕಾಣುತ್ತದೆ. ಆರು ತಿಂಗಳಿಗೊಮ್ಮೆ ಅದೇ ಮೀಟರಿನಲ್ಲಿ ಹೊಸದಾಗಿ ಅಳೆದು ವೈದ್ಯರಿಂದ ಚೀಟಿ ತಿದ್ದಿಸಿ.

ನಮ್ಮಲ್ಲಿ ಮನೆಮಾತು ಕನ್ನಡ, ಶಾಲೆಯಲ್ಲಿ ತಮಿಳು. ಆದ್ದರಿಂದ ಚೀಟಿಯನ್ನು ಎರಡು ಭಾಷೆಯಲ್ಲೂ ಬರೆಸಿ. ಒಂದು ಮನೆಯ ಗೋಡೆಗೆ. ತಮಿಳಿನದು ಇನ್‌ಹೇಲರ್, ಸ್ಪೇಸರ್ ಜೊತೆ ಟೀಚರ ಕೈಗೆ.