ಟಿಸಿಯ ಗುಂಯ್‌ಗುಡುವಿಕೆ: ಮಳೆಗಾಳಿಯ ನಂತರದ ದೋಷಪತ್ತೆ

ಹಳ್ಳಿಗಳಲ್ಲಿ ಟಿಸಿ ಎಂದು ಕರೆಯುವ ವಿತರಣಾ ಪರಿವರ್ತಕವು 11 ಕಿಲೋವೋಲ್ಟ್ ವಿದ್ಯುತ್ತನ್ನು 433 ವೋಲ್ಟಿಗೆ ಇಳಿಸುತ್ತದೆ. ಸುಸ್ಥಿತಿಯಲ್ಲಿರುವ ಟಿಸಿಯೂ ಸಣ್ಣಗೆ ಗುಂಯ್‌ಗುಡುತ್ತದೆ. ಒಳಗಿನ ಕೋರಿನ ತಗಡುಗಳು ಸೆಕೆಂಡಿಗೆ 100 ಬಾರಿ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುವುದೇ ಇದಕ್ಕೆ ಕಾರಣ. ಈ ಸದ್ದಿಗೂ ಲೋಡಿಗೂ ಅಷ್ಟಾಗಿ ಸಂಬಂಧವಿಲ್ಲ. ಕರೆಂಟು ಮಿತಿಮೀರಿದಾಗ ಮಾತ್ರ ಸುರುಳಿಗಳೂ ಅದುರಿ, ಎರಡನೆಯ ಸದ್ದೊಂದು ಕೂಡಿಕೊಳ್ಳುತ್ತದೆ. ಜೋರಾದ ಸದ್ದು ಕೋರಿನದೋ ಲೋಡಿನದೋ ಎಂದು ತಿಳಿಯುವುದೇ ಪತ್ತೆಯ ತಿರುಳು.

ಕೋಲಾರ ತಾಲ್ಲೂಕಿನ ವಕ್ಕಲೇರಿ ಬೆಸ್ಕಾಂ ವ್ಯಾಪ್ತಿಯಲ್ಲಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಬೇಸಾಯ ನಿಂತಿರುವುದು ಆಳದ ಬೋರ್‌ವೆಲ್‌ಗಳ ಮೇಲೆ. ಹಾಗಾಗಿ ತಂತಿಗಳು ತೋಟಗಳ ನಡುವೆ ಉದ್ದಕ್ಕೆ ಸಾಗುತ್ತವೆ. ಇಂಥಲ್ಲಿ ಎದುರಾಗಬಹುದಾದ ಒಂದು ಪ್ರಸಂಗವನ್ನು ನೋಡೋಣ. ಮೇ ತಿಂಗಳ ರಾತ್ರಿ, ಗಾಳಿಮಳೆ ನಿಂತಿದೆ, 63 ಕೆವಿಎ ಟಿಸಿ ಜೋರಾಗಿ ಮೊರೆಯುತ್ತಿದೆ. ಹೊಸದಾಗಿ ಸೇರಿದ ಪವರ್‌ಮ್ಯಾನ್ ಒದ್ದೆ ನೆಲದಲ್ಲಿ ಕಂಬವನ್ನಾಗಲಿ ಅರ್ಥ್ ತಂತಿಯನ್ನಾಗಲಿ ಮುಟ್ಟದೆ, ದೂರದಿಂದಲೇ ಟಾರ್ಚ್ ಬಿಟ್ಟು ನೋಡುತ್ತಾನೆ. ಎಣ್ಣೆ ಸೋರುತ್ತಿಲ್ಲ, ಸುಟ್ಟ ವಾಸನೆಯಿಲ್ಲ, ಚಟಪಟ ಸದ್ದೂ ಇಲ್ಲ. ಚಟಪಟ ಕೇಳಿದ್ದರೆ ಇನ್ಸುಲೇಟರ್ ಅಥವಾ ಒಳಗಿನ ನಿರೋಧಕವನ್ನು ಶಂಕಿಸಬೇಕಿತ್ತು.

ಕೈಗವಸು ಹಾಕಿ, ನಿರೋಧಕ ಹೊದಿಕೆಯಿರುವ ಎಲ್‌ಟಿ ಕೇಬಲ್‌ಗಳಿಗೆ ಟಾಂಗ್ ಟೆಸ್ಟರ್ ಹಿಡಿದರೆ ಆರ್ ಫೇಸಿನಲ್ಲಿ 40 ಆಂಪಿಯರ್, ವೈ ಮತ್ತು ಬಿ ಎರಡರಲ್ಲೂ 200ರ ಆಸುಪಾಸು. ಈ ಟಿಸಿಯ ಪೂರ್ಣ ಲೋಡ್ ಸುಮಾರು 84 ಆಂಪಿಯರ್ ಮಾತ್ರ. ನ್ಯೂಟ್ರಲ್‌ನಲ್ಲಿ ಹೆಚ್ಚೇನೂ ಹರಿಯುತ್ತಿಲ್ಲ. ಎರಡು ಫೇಸ್ ಸರಿಸಮ ಏರಿ ನ್ಯೂಟ್ರಲ್ ಸುಮ್ಮನಿದೆ ಎಂದರೆ ಆ ಎರಡು ತಂತಿಗಳು ಎಲ್ಲೋ ಒಂದಕ್ಕೊಂದು ತಗುಲಿವೆ. ಒಂದೇ ಫೇಸಿನ ಜೊತೆ ನ್ಯೂಟ್ರಲ್ಲೂ ಏರಿದ್ದರೆ ಫೇಸ್ ತಂತಿ ನ್ಯೂಟ್ರಲ್ ತಂತಿಗೆ ತಾಗಿದೆ ಎಂದು ಎಣಿಸಬಹುದಿತ್ತು.

ಶಾರ್ಟ್ ಆದರೂ ಫ್ಯೂಸ್ ಹೋಗದೇಕೆ? ಕಿಲೋಮೀಟರ್ ದೂರದ ಶಾರ್ಟಿನಲ್ಲಿ ತಂತಿಯ ಪ್ರತಿರೋಧವೇ ಕರೆಂಟನ್ನು ಇನ್ನೂರರ ಸುತ್ತ ತಡೆದು ನಿಲ್ಲಿಸುತ್ತದೆ. ಪದೇ ಪದೇ ಹೋಗುವ ಫ್ಯೂಸಿಗೆ ಯಾರಾದರೂ ದಪ್ಪ ತಂತಿ ಕಟ್ಟಿದ್ದರೆ ಅದು ಕರಗುವುದೇ ಇಲ್ಲ. ನಿಜವಾದ ಅಪರಾಧಿ ಬಹುಮಟ್ಟಿಗೆ ಈ ದಪ್ಪ ತಂತಿಯೇ.

ಇಷ್ಟು ಕರೆಂಟು ಹರಿಯುವಾಗ ಫ್ಯೂಸ್ ಕಿತ್ತರೆ ಕಿಡಿ ಮುಖಕ್ಕೆ ಹಾರುತ್ತದೆ. ಆದ್ದರಿಂದ ಅವನು ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ ಪಡೆದು, ಜಿಒಎಸ್ ತೆರೆದು, ಡಿಸ್ಚಾರ್ಜ್ ರಾಡ್ ಹಾಕಿದ ಮೇಲೆಯೇ ಎಲ್‌ಟಿ ಫ್ಯೂಸ್‌ಗಳನ್ನು ಕೀಳುತ್ತಾನೆ. ಯಾರದೋ ಮನೆಯ ಜನರೇಟರ್‌ನಿಂದ ವಿದ್ಯುತ್ ಹಿಂದಕ್ಕೆ ಬರಬಹುದಾದ್ದರಿಂದ ಎಲ್‌ಟಿ ಬದಿಗೂ ಅರ್ಥ್ ಬೇಕು. ನಂತರ ರಾಡ್‌ಗಳನ್ನು ತೆಗೆದು, ಲೋಡ್ ಇಲ್ಲದ ಟಿಸಿಗೆ ಮಾತ್ರ ಕರೆಂಟು ಕೊಡಿಸಿದಾಗ ಮೊರೆತ ಇಳಿದು ಹಳೆಯ ಸಣ್ಣ ಸದ್ದು ಉಳಿಯುತ್ತದೆ. ತಪ್ಪು ತಂತಿಯಲ್ಲಿದೆ. ಸದ್ದು ಇಳಿಯದಿದ್ದರೆ ಕೋರಿನ ಸಡಿಲ ಬೋಲ್ಟು, ಹೆಚ್ಚಿದ ವೋಲ್ಟೇಜ್ ಇವುಗಳತ್ತ ನೋಡಬೇಕಾಗುತ್ತಿತ್ತು.

ಲೈನಿನುದ್ದಕ್ಕೂ ನಡೆದಾಗ ನೀಲಗಿರಿ ಮರದ ಕೊಂಬೆಯೊಂದು ಎರಡು ತಂತಿಗಳನ್ನು ಒತ್ತಿಹಿಡಿದಿರುವುದು ಕಾಣುತ್ತದೆ. ಎಲ್‌ಟಿ ಫ್ಯೂಸ್‌ಗಳು ಹೊರಗಿರುವಂತೆಯೇ, ಲೈನಿಗೆ ಅರ್ಥ್ ಹಾಕಿ ಕೊಂಬೆ ಕಡಿದು, ತಂತಿಗಳ ನಡುವೆ ಸ್ಪೇಸರ್ ಹಾಕಿ, ಸರಿಯಾದ ಗೇಜಿನ ಫ್ಯೂಸ್ ಕಟ್ಟಬೇಕು. ಕಿವಿಗೆ ಸದ್ದು ಸರಿಯೆನಿಸಿದರೂ ಸುರುಳಿಗಳು ಬಿಸಿಯಿಂದ ಕೆಟ್ಟಿಲ್ಲವೆಂದು ಹೇಳಲಾಗದು. ಮೆಗ್ಗರ್ ಭೂಮಿಗೆ ಸೋರುವುದನ್ನು ತೋರಿಸುತ್ತದೆಯೇ ಹೊರತು, ಒಂದೇ ಸುರುಳಿಯ ಸುತ್ತುಗಳ ನಡುವಿನ ಶಾರ್ಟನ್ನಲ್ಲ. ಅದಕ್ಕೆ ಅನುಪಾತ ಪರೀಕ್ಷೆಯೇ ಆಗಬೇಕು.