ಕಿಸಾನ್ ಕ್ರೆಡಿಟ್ ಕಾರ್ಡ್: ಮಿತಿಯ ಲೆಕ್ಕ, ಬಡ್ಡಿ ರಿಯಾಯಿತಿಯ ಗಡುವು

ಬೆಳೆಸಾಲಕ್ಕಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವ ರೈತನಿಗೆ ಸಾಮಾನ್ಯವಾಗಿ ಎರಡು ಪ್ರಶ್ನೆಗಳಿರುತ್ತವೆ. ತನಗೆ ಎಷ್ಟು ಸಾಲ ಸಿಗುತ್ತದೆ? ಬಡ್ಡಿ ನಿಜಕ್ಕೂ ಶೇ 4 ಮಾತ್ರವೇ? ಮೊದಲನೆಯದಕ್ಕೆ ಉತ್ತರ ಆತನ ಪಹಣಿಯಲ್ಲಿದೆ. ಎರಡನೆಯದಕ್ಕೆ ಉತ್ತರ ಒಂದು ದಿನಾಂಕದಲ್ಲಿದೆ.

1998ರಲ್ಲಿ ಆರಂಭವಾಗಿ 2012ರಲ್ಲಿ ಪರಿಷ್ಕೃತಗೊಂಡ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯಲ್ಲಿ ಸಾಲದ ಮಿತಿಯನ್ನು ಶಾಖಾ ವ್ಯವಸ್ಥಾಪಕರು ಮನಬಂದಂತೆ ನಿಗದಿ ಮಾಡುವುದಿಲ್ಲ. ಪ್ರತಿ ಬೆಳೆಗೆ ಎಕರೆಗೆ ಇಷ್ಟು ಎಂಬ ದರವನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಗೊತ್ತುಪಡಿಸುತ್ತದೆ. ಬ್ಯಾಂಕಿನವರು ಇದನ್ನು 'ಸ್ಕೇಲ್ ಆಫ್ ಫೈನಾನ್ಸ್' ಎನ್ನುತ್ತಾರೆ. ಈ ದರವನ್ನು ಬೆಳೆಯ ವಿಸ್ತೀರ್ಣದಿಂದ ಗುಣಿಸಿದರೆ ಬರುವುದೇ ಮಿತಿಯ ಬುಡ. ಅದಕ್ಕೆ ಕೊಯ್ಲೋತ್ತರ ವೆಚ್ಚ ಹಾಗೂ ಮನೆಖರ್ಚಿಗೆಂದು ಶೇ 10, ಕೃಷಿ ಸಲಕರಣೆಗಳ ದುರಸ್ತಿ ಹಾಗೂ ನಿರ್ವಹಣೆಗೆಂದು ಶೇ 20 ಸೇರುತ್ತದೆ. ವಿಮಾ ಕಂತನ್ನೂ ಕೂಡಿಸಬಹುದು.

ಹಾವೇರಿ ಜಿಲ್ಲೆಯಲ್ಲಿ ನಾಲ್ಕು ಎಕರೆ ಗೋವಿನಜೋಳ ಬೆಳೆಯುವ ರೈತನೊಬ್ಬನ ಲೆಕ್ಕ ಹಾಕಿ ನೋಡೋಣ. ಎಕರೆಗೆ 25,000 ರೂಪಾಯಿ ದರವೆಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಳ್ಳೋಣ. ನೈಜ ದರ ಜಿಲ್ಲೆಗೂ ವರ್ಷಕ್ಕೂ ಬದಲಾಗುತ್ತದೆ. ಬೆಳೆಯ ಬಾಬ್ತು 1,00,000 ರೂಪಾಯಿ. ಅದಕ್ಕೆ 10,000 ಮತ್ತು 20,000 ಸೇರಿ, ವಿಮೆ ಬಿಟ್ಟು, ಮೊದಲ ವರ್ಷದ ಮಿತಿ 1,30,000 ರೂಪಾಯಿ. ಬೆಲೆ ಏರಿಕೆಯನ್ನು ಗಮನಿಸಿ ಪ್ರತಿ ವರ್ಷ ಮಿತಿಗೆ ಶೇ 10 ಸೇರಿಸುವುದರಿಂದ ಐದನೇ ವರ್ಷಕ್ಕೆ ಅದು ಸುಮಾರು 1,90,330 ರೂಪಾಯಿಗೆ ಮುಟ್ಟುತ್ತದೆ. ದಾಖಲೆಪತ್ರಗಳಿಗೆ ಆರಂಭದಲ್ಲೇ ಈ ದೊಡ್ಡ ಮೊತ್ತಕ್ಕೆ ಸಹಿ ಪಡೆಯಲಾಗುತ್ತದೆ. ಆದರೆ ಆಯಾ ವರ್ಷ ಪಡೆಯಬಹುದಾದದ್ದು ಆ ವರ್ಷದ ಮಿತಿಯಷ್ಟೇ. ಇದನ್ನು ತಿಳಿಯದೆ 'ಮಂಜೂರಾದ ಹಣ ಕೊಡುತ್ತಿಲ್ಲ' ಎಂದು ಶಾಖೆಯಲ್ಲಿ ಜಗಳವಾಡುವವರಿದ್ದಾರೆ.

ಪಹಣಿಯಲ್ಲಿ ಮೆಣಸಿನಕಾಯಿಯ ಬದಲು ಜೋಳ ನಮೂದಾಗಿದ್ದರೆ ಜೋಳದ ದರವೇ ಅನ್ವಯಿಸುವ ಸಾಧ್ಯತೆ ಹೆಚ್ಚು. ಮಿತಿ ಕಡಿಮೆ ಎನಿಸಿದಾಗ ಮೊದಲು ನೋಡಬೇಕಾದದ್ದು ಬೆಳೆಯ ಕಾಲಂ. 2025ರ ಜನವರಿ 1ರಿಂದ 2 ಲಕ್ಷ ರೂಪಾಯಿವರೆಗಿನ ಕೃಷಿ ಸಾಲಕ್ಕೆ ಅಡಮಾನ ಬೇಕಿಲ್ಲ.

ಇನ್ನು ಬಡ್ಡಿ. ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯ 2025-26ರ ನಿಯಮದಂತೆ 3 ಲಕ್ಷ ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲಕ್ಕೆ ಶೇ 7 ಬಡ್ಡಿ. ಸಕಾಲದಲ್ಲಿ ಮರುಪಾವತಿಸಿದವರಿಗೆ ಇದರಲ್ಲಿ ಶೇ 3 ರಿಯಾಯಿತಿ, ಅಂದರೆ ಉಳಿಯುವುದು ಶೇ 4. 'ಸಕಾಲ' ಎಂದರೆ ಹಣ ಪಡೆದ ದಿನದಿಂದ ಒಂದು ವರ್ಷ ಅಥವಾ ಬ್ಯಾಂಕ್ ಗೊತ್ತುಪಡಿಸಿದ ಗಡುವು, ಯಾವುದು ಮೊದಲೋ ಅದು. ಮಾರ್ಚ್ 31 ಎಲ್ಲರಿಗೂ ಗಡುವೆಂಬುದು ಹಳ್ಳಿಗಳಲ್ಲಿ ಬೇರೂರಿದ ತಪ್ಪು ತಿಳಿವಳಿಕೆ.

ಮೇಲಿನ ರೈತ ಜೂನ್ 10ರಂದು 60,000, ಸೆಪ್ಟೆಂಬರ್ 10ರಂದು 40,000 ರೂಪಾಯಿ ಪಡೆದು ಮಾರ್ಚ್ 10ರಂದು ತೀರಿಸಿದನೆನ್ನಿ. ಪಡೆದ ಹಣಕ್ಕೆ, ಪಡೆದ ದಿನದಿಂದಷ್ಟೇ ಬಡ್ಡಿ. ಒಂಬತ್ತು ತಿಂಗಳಿಗೆ 3,150, ಆರು ತಿಂಗಳಿಗೆ 1,400, ಒಟ್ಟು 4,550 ರೂಪಾಯಿ. ರಿಯಾಯಿತಿ 1,950 ಕಳೆದರೆ ನಿವ್ವಳ ಬಡ್ಡಿ 2,600. ಅದೇ ಲಕ್ಷ ರೂಪಾಯಿ ಗಡುವು ಮೀರಿ ವರ್ಷ ದಾಟಿದರೆ ಸುಮಾರು 3,000 ರೂಪಾಯಿ ರಿಯಾಯಿತಿ ಕೈತಪ್ಪುತ್ತದೆ. ಜತೆಗೆ ವರ್ಷದ ನಂತರದ ಅವಧಿಗೆ ಶೇ 7ರ ದರವೂ ಇಲ್ಲ, ಬ್ಯಾಂಕಿನ ಸಾಮಾನ್ಯ ದರ ಬೀಳುತ್ತದೆ.

ಈ ಭಯದಿಂದಲೇ ಗಡುವಿನ ವಾರದಲ್ಲಿ ಕೈಸಾಲ ತಂದು ಕಟ್ಟಿ, ಮರುದಿನವೇ ಮತ್ತೆ ಪಡೆಯುವ ರೂಢಿ ಬೆಳೆದಿದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಲಕ್ಷ ತಂದರೆ, ಒಂದೇ ವಾರಕ್ಕಾದರೂ ಪೂರ್ತಿ ತಿಂಗಳ ಬಡ್ಡಿ ಹಿಡಿಯುವ ಲೇವಾದೇವಿಗಾರನಿಗೆ 3,000 ರೂಪಾಯಿ ಸಲ್ಲುತ್ತದೆ. ಅಲ್ಲಿಗೆ ಸರಕಾರದ ರಿಯಾಯಿತಿ ಆತನ ಪಾಲು! ವಾಸ್ತವವಾಗಿ ಖಾತೆಯನ್ನು ಯಾವುದೇ ದಿನ ಸೊನ್ನೆಗೆ ತರಬೇಕೆಂಬ ನಿಯಮವಿಲ್ಲ. ಪಡೆದ ಯಾವ ಮೊತ್ತವೂ 12 ತಿಂಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿಯಬಾರದು ಎಂಬುದಷ್ಟೇ ನಿಯಮ. ಫಸಲು ಮಾರಿದಂತೆಲ್ಲ ಬಂದ ಹಣವನ್ನು ಖಾತೆಗೆ ಜಮೆ ಮಾಡುತ್ತ ಬಂದರೆ ಜೂನ್‌ನಲ್ಲಿ ಪಡೆದದ್ದು ಜೂನ್‌ನೊಳಗೇ ತೀರುತ್ತದೆ.

ರಿಯಾಯಿತಿ ಮೊತ್ತವನ್ನು ಬ್ಯಾಂಕ್ ಸರಕಾರದಿಂದ ಪಡೆಯಬೇಕಾದ್ದರಿಂದ ರೈತನ ಖಾತೆಗೆ ಅದು ಕೆಲವೊಮ್ಮೆ ತಡವಾಗಿ ಜಮೆಯಾಗುತ್ತದೆ. ಪಾಸ್‌ಬುಕ್‌ನಲ್ಲಿ ಆ ಜಮೆ ಕಾಣದಿದ್ದರೆ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಮೊದಲು ಪರಿಶೀಲಿಸಬೇಕು. ಅದಿಲ್ಲದೆ ಸಹಾಯಧನ ಬರುವುದಿಲ್ಲ.

ರಾಜ್ಯದ ಸಹಕಾರ ಸಂಘಗಳ ಮೂಲಕ ಪಡೆವ ಬೆಳೆಸಾಲದ ದಾರಿ ಬೇರೆ. ಅಲ್ಲಿ ಶೂನ್ಯ ಬಡ್ಡಿಯ ಮಿತಿಯನ್ನು ರಾಜ್ಯ ಸರಕಾರ 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಅಲ್ಲಿಯೂ ಗಡುವು ಮೀರಿದರೆ ಶೂನ್ಯ ಬಡ್ಡಿಯ ಸೌಲಭ್ಯ ಸಿಗದು.