ತೋಟದಿಂದ ಮನೆಗೆ: ಇಬ್ಬನಿ, ಬುಟ್ಟಿ ಮತ್ತು ಎಳೆಬಿಸಿಲಿನ ಚಿತ್ರಗಳು

ಬೆಳೆದದ್ದನ್ನು ಹೊಲದಿಂದ ನೇರವಾಗಿ ಮನೆಗೆ ತಲುಪಿಸುತ್ತೇವೆ ಎನ್ನುವ ಮಾರಾಟಗಾರರು ಹಣ್ಣು, ತರಕಾರಿ, ಅಕ್ಕಿ, ಕಾಳುಗಳನ್ನು ತೋರಿಸಲು ಬಳಸುವ ಚಿತ್ರಗಳ ಒಂದು ಬಗೆ ಇದು. ಮೇಲೆ ಹನಿ, ಕೆಳಗೆ ಬಿದಿರಿನ ಬುಟ್ಟಿ, ಓರೆಯಾಗಿ ಬೀಳುವ ಮುಂಜಾನೆಯ ಬೆಳಕು ಇದರ ಗುರುತು. ಕೊಳ್ಳುವವರು ಬದನೆಕಾಯಿಯನ್ನು ಕೈಯಲ್ಲಿ ಹಿಡಿದು, ತೊಟ್ಟು ಮುರಿದು, ಮೂಸಿ ನೋಡುವ ಅವಕಾಶ ತಪ್ಪಿದ ಕಡೆಯೆಲ್ಲ ಈ ಚಿತ್ರ ಬೆಳೆದಿದೆ. ಅದರ ಇತಿಹಾಸವನ್ನು ಹಾಗೆ ಓದಿದರೇ ಸರಿಯಾಗಿ ತಿಳಿಯುತ್ತದೆ.

ಚಿತ್ರದ ಅಂಶಗಳು ಮಾರಾಟಕ್ಕಿಂತ ಹಳೆಯವು. ಇಟಲಿಯ ಕಾರವಾಜ್ಜೋ 1599ರ ಸುಮಾರಿಗೆ ಹೆಣೆದ ಬುಟ್ಟಿಯೊಂದನ್ನು ಹಣ್ಣುಗಳ ಸಮೇತ ಬಿಡಿಸಿದ. ಅದರಲ್ಲಿ ಹುಳು ಕೊರೆದ ಸೇಬು, ಒಣಗುತ್ತಿರುವ ಎಲೆಗಳೂ ಇವೆ. ಡಚ್ ಕಲಾವಿದ ಯಾನ್ ವಾನ್ ಹಾಯ್ಸಮ್ 18ನೇ ಶತಮಾನದ ಮೊದಲರ್ಧದಲ್ಲಿ ಹೂವು, ಹಣ್ಣುಗಳ ಮೇಲೆ ಒಂದೊಂದೇ ಇಬ್ಬನಿ ಹನಿಯನ್ನು ಬರೆದು ಹೆಸರಾದ. ಛಾಯಾಗ್ರಹಣ ಹುಟ್ಟಿದ ಹೊಸತರಲ್ಲಿ ಇಂಗ್ಲೆಂಡಿನ ಛಾಯಾಗ್ರಾಹಕ ಟಾಲ್ಬಟ್ 1844ರಿಂದ 1846ರವರೆಗೆ ಕಂತುಗಳಲ್ಲಿ ಹೊರತಂದ ಪುಸ್ತಕದಲ್ಲೂ ಬುಟ್ಟಿಯಲ್ಲಿಟ್ಟ ಹಣ್ಣಿನ ಚಿತ್ರವಿದೆ. ಇವೆಲ್ಲ ಅಂಗಡಿಗೆ ಇಳಿದದ್ದು ರೈಲಿನಿಂದ. 1880ರ ದಶಕದಿಂದ ಕ್ಯಾಲಿಫೋರ್ನಿಯಾದ ಕಿತ್ತಳೆ ಅಮೆರಿಕದ ಪೂರ್ವತೀರಕ್ಕೆ ಹೋಗತೊಡಗಿದಾಗ ಮರದ ಪೆಟ್ಟಿಗೆಯ ಬದಿಗೆ ಬಣ್ಣದ ಲೇಬಲ್ ಅಂಟಿಸುವ ರೂಢಿ ಬಂತು. 1950ರ ದಶಕದಲ್ಲಿ ರಟ್ಟಿನ ಪೆಟ್ಟಿಗೆ ಬರುವವರೆಗೆ ಅದು ನಡೆಯಿತು.

ಕರ್ನಾಟಕದಲ್ಲಿ ಬಹುಕಾಲ ಇಂಥ ಚಿತ್ರದ ಅಗತ್ಯವೇ ಬೀಳಲಿಲ್ಲ. ಸಂತೆಯಲ್ಲಿ ಮಾಲು ಕಣ್ಣೆದುರೇ ಇರುತ್ತಿತ್ತು. 1959ರಲ್ಲಿ ಎಂ. ಎಚ್. ಮರೀಗೌಡರ ಮುಂದಾಳತ್ವದಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿ, ಮುಂದೆ ಹಾಪ್‌ಕಾಮ್ಸ್ ಆದ ಸಂಸ್ಥೆ ಬೆಳೆಗಾರ ಮತ್ತು ಬಳಕೆದಾರರ ನಡುವಿನ ದಾರಿಯನ್ನು ಮೊಟಕುಗೊಳಿಸಿತು. ಆದರೆ ಅದರ ಮಳಿಗೆಯಲ್ಲೂ ಜನ ಹಣ್ಣನ್ನು ನೋಡಿಯೇ ಕೊಂಡರು. ಬದಲಾವಣೆ ಬಂದದ್ದು 2011ರ ಸುಮಾರಿಗೆ. ಆ ವರ್ಷ ಬೆಂಗಳೂರಿನಲ್ಲಿ ಶುರುವಾದ ಬಿಗ್‌ಬಾಸ್ಕೆಟ್ ಬುಟ್ಟಿಯನ್ನು ತನ್ನ ಹೆಸರಿಗೇ ತೆಗೆದುಕೊಂಡಿತು. ಮೊಬೈಲ್ ಪರದೆಯ ಮೇಲೆ ಕೊಳ್ಳುವವರಿಗೆ ಎರಡು ಬಗೆಯ ಚಿತ್ರ ಬೇಕಾಯಿತು: ಬಿಳಿ ಹಿನ್ನೆಲೆಯಲ್ಲಿ ಯಾವ ತರಕಾರಿ ಎಂದು ತಿಳಿಸುವ ಚಿತ್ರ ಒಂದು, ಅದು ಎಂಥ ಊರಿನಿಂದ ಬಂತು ಎಂದು ನಂಬಿಸುವ ಚಿತ್ರ ಇನ್ನೊಂದು. ಇಬ್ಬನಿ ಮತ್ತು ಎಳೆಬಿಸಿಲು ಸೇರಿದ್ದು ಎರಡನೆಯದಕ್ಕೆ.

ಆ ಎರಡನೆಯ ಚಿತ್ರದಲ್ಲಿ ಕಾಣುವ ನೆಲ ಅನೇಕ ಸಲ ಮಲೆನಾಡಿನಂಥದು. ಆದ್ದರಿಂದ ನಿಜವಾದ ಇಬ್ಬನಿ ಹೇಗಿರುತ್ತದೆ ಎಂಬುದನ್ನು ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೆ. ಹೊಸಕೋಟೆಯ ಸುತ್ತಿನಲ್ಲೇ ನೋಡುವುದು ಒಳ್ಳೆಯದು. ಕೆಂಚಮ್ಮನ ಹೊಸಕೋಟೆ ಎಂಬುದು ಊರಿನ ಪೂರ್ತಿ ಹೆಸರು. ಸಕಲೇಶಪುರದ ಕಡೆಗೆ ಏರುವ ಈ ನೆಲದಲ್ಲಿ ದಿಬ್ಬದ ಮೇಲೆ ಮರಗಳ ನೆರಳಲ್ಲಿ ಕಾಫಿ, ಮೆಣಸು. ತಗ್ಗಿನಲ್ಲಿ ಭತ್ತದ ಗದ್ದೆ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಗಾಳಿಯಾಡದ ರಾತ್ರಿಗಳಲ್ಲಿ ಎಲೆಗಳು ತಮ್ಮ ಶಾಖವನ್ನು ಬಯಲಿಗೆ ಬಿಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತವೆ. ಆಗ ಗಾಳಿಯ ತೇವ ಅವುಗಳ ಮೇಲೆ ಹನಿಗಟ್ಟುತ್ತದೆ. ತಣ್ಣನೆಯ ಗಾಳಿ ಇಳಿಜಾರಿನಲ್ಲಿ ಹರಿದು ತಗ್ಗಿಗೆ ಸೇರುವುದರಿಂದ ಇಬ್ಬನಿ ಗದ್ದೆಯಲ್ಲಿ ಹೆಚ್ಚು. ತೋಟದೊಳಗೆ ಮರದ ಕೊಂಬೆಗಳು ಆಕಾಶವನ್ನು ಮುಚ್ಚಿರುವುದರಿಂದ ಕಾಫಿ ಎಲೆಯ ಮೇಲೆ ಅದು ಕಡಿಮೆ. ಅಲ್ಲಿ ಕಾಣುವ ದೊಡ್ಡ ಹನಿಗಳು ಹೆಚ್ಚಾಗಿ ಮೇಲಿನ ಮರಗಳಿಂದ ತೊಟ್ಟಿಕ್ಕಿದವು. ಭತ್ತದ ಎಲೆಯ ತುದಿಯಲ್ಲಿ ಮುತ್ತಿನಂತೆ ನಿಲ್ಲುವ ಒಂಟಿ ಹನಿಯೂ ಎಷ್ಟೋ ಸಲ ಇಬ್ಬನಿಯಲ್ಲ. ಬೇರು ಹೀರಿದ ನೀರನ್ನು ಗಿಡ ರಾತ್ರಿ ಎಲೆಯ ತುದಿಯಿಂದ ಹೊರಹಾಕಿದ್ದು ಅದು.

ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂಮುಕ್ಕಾಲಿಗೆ. ದಿಬ್ಬದ ಮರೆಯಿರುವ ಗದ್ದೆಗೆ ಬಿಸಿಲು ಇನ್ನೂ ತಡ. ಮಂಜು ಕವಿದಿರುವಾಗ ಬೆಳಕು ಎಲ್ಲ ಕಡೆಯಿಂದ ಬರುತ್ತದೆ, ನೆರಳು ಬೀಳುವುದಿಲ್ಲ, ಹನಿ ಮಂಕಾಗಿ ಕಾಣುತ್ತದೆ. ಮಂಜು ಹರಿದು ಬಿಸಿಲು ತೆಳ್ಳಗೆ ಇಣುಕಿದಾಗ, ಬುಟ್ಟಿಯ ಹಿಂದಿನಿಂದ ಬೆಳಕು ಬರುವಂತೆ ನಿಂತರೆ ಹನಿಯೊಳಗೆ ಹೊಳಪು ಹುಟ್ಟುತ್ತದೆ. ಆಗ ತರಕಾರಿಯ ಮುಂಭಾಗ ಕಪ್ಪಾಗುವುದರಿಂದ ಛಾಯಾಗ್ರಾಹಕರು ಎದುರಿಗೆ ಬಿಳಿ ರಟ್ಟನ್ನೋ ಪಂಚೆಯನ್ನೋ ಹಿಡಿದು ಬೆಳಕನ್ನು ಹಿಂದಿರುಗಿಸುತ್ತಾರೆ. ಬಿಸಿಲು ಬಲಿತರೆ ಹನಿ ಆರಿಹೋಗುತ್ತದೆ. ಕೊಯ್ದ ತರಕಾರಿಯನ್ನು ಆಗ ತಂದು ಜೋಡಿಸಿದರೆ ಮೈ ಒಣಗಿರುತ್ತದೆ. ಹಿಂದಿನ ಸಂಜೆಯೇ ಬುಟ್ಟಿ ತುಂಬಿ ಬಯಲಲ್ಲಿ ಇಟ್ಟಿರಬೇಕು.

ಈ ಕಷ್ಟವನ್ನು ತಪ್ಪಿಸಲು ಸ್ಟುಡಿಯೋಗಳು ಗ್ಲಿಸರಿನ್ ಮತ್ತು ನೀರನ್ನು ಹೆಚ್ಚುಕಡಿಮೆ ಸಮಪಾಲಿನಲ್ಲಿ ಬೆರೆಸಿ ಚಿಮುಕಿಸುತ್ತವೆ. ಆ ಹನಿ ದೀಪದ ಶಾಖಕ್ಕೂ ಗಂಟೆಗಟ್ಟಲೆ ಆರುವುದಿಲ್ಲ, ಜಾರುವುದೂ ಇಲ್ಲ. ಗುರುತಿಸಲು ಬುಟ್ಟಿಯನ್ನು ನೋಡಿದರೆ ಸಾಕು. ನಿಜವಾದ ಇಬ್ಬನಿ ತರಕಾರಿಗೆ ಮಾತ್ರ ಬೀಳುವುದಿಲ್ಲ. ಬಿದಿರಿನ ಸೀಳುಗಳೂ ತೇವದಿಂದ ಬಣ್ಣ ಗಾಢವಾಗಿರುತ್ತವೆ. ಒಣ ಬುಟ್ಟಿಯಲ್ಲಿ ಹನಿ ತುಂಬಿದ ಟೊಮೆಟೊ ಇದ್ದರೆ ಅದು ಚಿಮುಕಿಸಿದ ನೀರು. ಇಬ್ಬನಿ ಹನಿಗಳು ಬಹಳ ಸಣ್ಣವು, ಒತ್ತೊತ್ತಾಗಿ ಕೂತು ಮೈಗೆ ಬೂದಿ ಸವರಿದಂತೆ ಕಾಣುತ್ತವೆ. ದೂರದೂರ ನಿಂತ ದಪ್ಪ ಹನಿಗಳು ಕೆಸುವಿನ ಎಲೆಯಂಥ ನೀರಂಟದ ಮೈಯಲ್ಲಿ ಸಹಜ, ಬೇರೆ ಕಡೆ ಅನುಮಾನಕ್ಕೆ ಎಡೆ.

ಧಾನ್ಯದ ವಿಷಯದಲ್ಲಿ ಈ ಚಿತ್ರಶೈಲಿ ದೊಡ್ಡ ತಪ್ಪನ್ನೇ ಮಾಡುತ್ತದೆ. ತೆನೆಯ ಮೇಲೆ ಇಬ್ಬನಿ ನಿಜ, ಅಕ್ಕಿಯ ಮೇಲೆ ಅಲ್ಲ. ಭತ್ತವನ್ನು ಕಣದಲ್ಲಿ ಒಣಗಿಸಿ ತೇವಾಂಶವನ್ನು ಶೇ. 14ರ ಆಸುಪಾಸಿಗೆ ಇಳಿಸದಿದ್ದರೆ ದಾಸ್ತಾನಿನಲ್ಲಿ ಬೂಷ್ಟು ಹಿಡಿಯುತ್ತದೆ. ಒಣಗಿದ ಕಾಳು ಮತ್ತೆ ನೆನೆದರೆ ಬಿರುಕುಬಿಟ್ಟು ಗಿರಣಿಯಲ್ಲಿ ನುಚ್ಚಾಗುತ್ತದೆ. ಬಣವೆಯನ್ನು ಇಬ್ಬನಿಯಿಂದ ಕಾಯುವ ರೈತನಿಗೆ ಹನಿ ಚಿಮುಕಿಸಿದ ಅಕ್ಕಿಯ ಚಿತ್ರ ಕೆಟ್ಟುಹೋಗುತ್ತಿರುವ ಮಾಲಿನ ಚಿತ್ರವಾಗಿಯೇ ಕಾಣುತ್ತದೆ. ರಾಜಮುಡಿಯಂಥ ಕೆಂಪು ಅಕ್ಕಿಯನ್ನು ಒಣ ಮೊರದಲ್ಲಿ ಹರಡಿ, ಪಕ್ಕದಿಂದ ಬರುವ ಬೆಳಕಿನಲ್ಲಿ ತೌಡಿನ ಕೆಂಪು ಕಾಣುವಂತೆ ತೆಗೆದ ಚಿತ್ರವೇ ಅದರ ಗುಣಕ್ಕೆ ನ್ಯಾಯ ಒದಗಿಸುತ್ತದೆ.

ಬುಟ್ಟಿಯೂ ಈಗ ಹೆಚ್ಚಾಗಿ ಚಿತ್ರದಲ್ಲೇ ಉಳಿದಿದೆ. ಮೇದರು ಹೆಣೆಯುವ ಬಿದಿರು ಬುಟ್ಟಿ, ಕುಕ್ಕೆಗಳ ಜಾಗದಲ್ಲಿ ಮಾಲು ಸಾಗಿಸಲು ಪ್ಲಾಸ್ಟಿಕ್ ಕ್ರೇಟ್ ಬಂದಿದೆ. ಅದಕ್ಕೆ ಕಾರಣವೂ ಸರಿಯಾದದ್ದೇ: ಕ್ರೇಟನ್ನು ಒಂದರ ಮೇಲೊಂದು ಪೇರಿಸಿದರೆ ಭಾರ ಅದರ ಅಂಚಿನ ಮೇಲೆ ಬೀಳುತ್ತದೆ, ಬುಟ್ಟಿಯಲ್ಲಾದರೆ ಒಳಗಿನ ಟೊಮೆಟೊ ಮೇಲೆ.

ಚಿತ್ರ ಎಷ್ಟು ಹೇಳಬಹುದು ಎಂಬ ಪ್ರಶ್ನೆ ಕಾನೂನಿಗೂ ಬಂದಿದೆ. ಅಮೆರಿಕದಲ್ಲಿ ಕ್ಯಾಂಪ್‌ಬೆಲ್ ಕಂಪನಿಯ ಸೂಪಿನ ಜಾಹೀರಾತಿನಲ್ಲಿ ತರಕಾರಿ ಮೇಲೆ ತೇಲುವಂತೆ ತಳಕ್ಕೆ ಗಾಜಿನ ಗೋಲಿ ಹಾಕಿದ್ದಕ್ಕೆ ಅಲ್ಲಿನ ವ್ಯಾಪಾರ ಆಯೋಗ 1970ರಲ್ಲಿ ಅಂಥ ಚಿತ್ರಣವನ್ನು ತಡೆಯುವ ಆದೇಶ ಹೊರಡಿಸಿತು. ಭಾರತದಲ್ಲಿ 2018ರ ಆಹಾರ ಸುರಕ್ಷತೆ ಜಾಹೀರಾತು ನಿಯಮಗಳು ಹೇಳಿಕೆ ಎಂದರೆ ಮಾತು ಮಾತ್ರವಲ್ಲ, ದೃಶ್ಯವೂ ಹೌದು ಎನ್ನುತ್ತವೆ. ತೊಳೆದ, ಸಿಪ್ಪೆ ತೆಗೆದ, ಕತ್ತರಿಸಿದ, ತಣ್ಣಗಿಟ್ಟ ಮಾಲಿಗೆ ‘ಫ್ರೆಶ್’ ಎನ್ನಬಹುದು. ಅದಕ್ಕಿಂತ ಹೆಚ್ಚು ಸಂಸ್ಕರಿಸಿದ್ದಕ್ಕೆ ಸಾಮಾನ್ಯವಾಗಿ ಹಾಗೆನ್ನುವಂತಿಲ್ಲ. ಬ್ರ್ಯಾಂಡಿನ ಹೆಸರಿನಲ್ಲೇ ಅಂಥ ಪದವಿದ್ದು ಗ್ರಾಹಕರು ತಪ್ಪು ತಿಳಿಯುವಂತಿದ್ದರೆ, ಇದು ಹೆಸರು ಮಾತ್ರ, ಆಹಾರದ ನಿಜಗುಣವಲ್ಲ ಎಂದು ಲೇಬಲ್ಲಿನ ಮೇಲೆ ಅಚ್ಚುಹಾಕಬೇಕು.